ಮುಂದೆ ಏನು ಕಲಿಯಬೇಕು? ಜೆಡಿಗಳನ್ನು ಎಣಿಸಿ ನಾನು ಕಾಫ್ಕಾ ಆರಿಸಿಕೊಂಡ ಬಗೆ

ನಾನು ಹಾಸನದ ಮನೆಯಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಜಾವಾ ಕೋಡ್ ಬರೆಯುತ್ತೇನೆ. ನಾಲ್ಕು ವರ್ಷದ ಅನುಭವ ಇದೆ. ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್ ಚೆನ್ನಾಗಿ ಬರುತ್ತದೆ, ಡಾಕರ್ ಕೆಲಸಕ್ಕೆ ಸಾಕಾಗುವಷ್ಟು ಗೊತ್ತು. ಕಳೆದ ವರ್ಷ ಇನ್ನೊಂದು ವಿಷಯವನ್ನು ಆಳವಾಗಿ ಕಲಿಯೋಣ ಅಂದುಕೊಂಡೆ. ರಿಯಾಕ್ಟ್, ಎಡಬ್ಲ್ಯುಎಸ್, ಕುಬರ್ನೆಟಿಸ್, ಸೇವೆಗಳ ನಡುವೆ ಮೆಸೇಜ್ ಸಾಗಿಸುವ ಕಾಫ್ಕಾ, ಗೋ, ಹೀಗೆ ಪಟ್ಟಿ ಉದ್ದ ಇತ್ತು. ಕಾಲೇಜಿನ ಸೀನಿಯರ್ ಒಬ್ಬರು ಫೋನಿನಲ್ಲಿ, "ಎಲ್ಲರೂ ಫುಲ್ ಸ್ಟ್ಯಾಕ್ ಕೇಳ್ತಾರೆ ಕಣೋ, ರಿಯಾಕ್ಟ್ ಕಲಿ" ಅಂದರು. "ಎಲ್ಲರೂ ಅಂದ್ರೆ ಯಾರಣ್ಣ?" ಅಂತ ಕೇಳಿದೆ. ಅದಕ್ಕೆ ಉತ್ತರ ಬೇಕು ಅಂತಲೇ ಜೆಡಿಗಳನ್ನು, ಅಂದರೆ ಕಂಪನಿಗಳು ಹಾಕುವ ಕೆಲಸದ ವಿವರಗಳನ್ನು, ಕೂಡಿಡಲು ಶುರು ಮಾಡಿದೆ.

ಮೊದಲು ನಿರ್ಧರಿಸಬೇಕಾದದ್ದು ಯಾವ ಜೆಡಿಗಳನ್ನು ನೋಡಬೇಕು ಅನ್ನೋದು. ಇಡೀ ಮಾರುಕಟ್ಟೆಯನ್ನು ಎಣಿಸಿದರೆ ಪೈಥಾನ್, ಜಾವಾಸ್ಕ್ರಿಪ್ಟ್ ಮೇಲೆ ಬರುತ್ತವೆ. ಅದರಿಂದ ಜಾವಾ ಬ್ಯಾಕೆಂಡ್ ಮಾಡುವ ನನಗೆ ಏನೂ ಗೊತ್ತಾಗೋದಿಲ್ಲ. ನೌಕ್ರಿ ಮತ್ತು ಲಿಂಕ್ಡ್‌ಇನ್‌ನಲ್ಲಿ "ಜಾವಾ, ಸ್ಪ್ರಿಂಗ್ ಬೂಟ್, 4ರಿಂದ 7 ವರ್ಷ" ಅಂತ ಹಾಕಿ ಹುಡುಕಿದೆ. ನನ್ನ ಈಗಿನ ಅನುಭವಕ್ಕಿಂತ ಸ್ವಲ್ಪ ಮೇಲಿನ ಹಂತವನ್ನು ಬೇಕೆಂದೇ ಆರಿಸಿದೆ. ನಾನು ಹೋಗಬೇಕಾದ ಜಾಗ ಅದು. ಹಾಸನದಲ್ಲಿ ಇರುವವರಿಗೆ ಇನ್ನೊಂದು ಮಾತು: ಮೇಲೆ ರಿಮೋಟ್ ಅಂತಿದ್ದರೂ ಒಳಗಿನ ವಿವರದಲ್ಲಿ "ವಾರಕ್ಕೆ ಮೂರು ದಿನ ಆಫೀಸಿಗೆ" ಅಂತ ಇರುತ್ತದೆ. ಬೆಂಗಳೂರಿಗೆ ಇಲ್ಲಿಂದ ಸುಮಾರು 180 ಕಿ.ಮೀ., ಅದು ಆಗಿಬರೋದಿಲ್ಲ. ಆದರೆ ಅಂಥವನ್ನು ಬಿಸಾಡಲಿಲ್ಲ, ಬೇರೆ ಫೋಲ್ಡರ್‌ನಲ್ಲಿ ಇಟ್ಟೆ. ಅರ್ಜಿ ಹಾಕೋದಕ್ಕೆ ಬರದಿದ್ದರೂ ಕೌಶಲ ಎಣಿಸೋದಕ್ಕೆ ಬರುತ್ತವೆ.

ಒಂದೊಂದು ಜೆಡಿಯನ್ನೂ ಪೂರ್ತಿ ಕಾಪಿ ಮಾಡಿ ಒಂದೊಂದು ಟೆಕ್ಸ್ಟ್ ಫೈಲ್ ಮಾಡಿದೆ. ಸೈಟಿನವರು ಕೆಳಗೆ ತೋರಿಸುವ ಕೌಶಲಗಳ ಟ್ಯಾಗ್ ಸಾಕಾಗೋದಿಲ್ಲ, ಅಲ್ಲಿ ಎಲ್ಲವನ್ನೂ ತುಂಬಿರುತ್ತಾರೆ. ಸುಮಾರು 120 ಫೈಲ್ ಆದವು. ಒಂದೇ ಕೆಲಸವನ್ನು ಮೂರು ನಾಲ್ಕು ಕನ್ಸಲ್ಟೆನ್ಸಿಗಳು ತಮ್ಮ ತಮ್ಮ ಹೆಸರಿನಲ್ಲಿ ಹಾಕಿರುತ್ತವೆ. ಅದನ್ನು ಹಿಡಿಯೋದು ಸುಲಭ. ಜವಾಬ್ದಾರಿಗಳ ಭಾಗದಿಂದ ಒಂದು ಉದ್ದದ ವಾಕ್ಯ ತೆಗೆದುಕೊಂಡು ಮಿಕ್ಕ ಫೈಲುಗಳಲ್ಲಿ ಹುಡುಕಿದರೆ ಅಕ್ಷರಕ್ಕೆ ಅಕ್ಷರ ಸಿಗುತ್ತದೆ. ಹಾಗೆ ತೆಗೆದಾಗ 84 ಉಳಿದವು. ಈ ಹೆಜ್ಜೆ ಬಿಟ್ಟರೆ ಒಂದೇ ಕಂಪನಿಯ ಬೇಡಿಕೆ ಇಡೀ ಮಾರುಕಟ್ಟೆಯದ್ದರಂತೆ ಕಾಣುತ್ತದೆ.

ಎಣಿಸೋದಕ್ಕೆ `grep` ಸಾಕು. ಪದ ಎಷ್ಟು ಸಲ ಬಂತು ಅನ್ನೋದು ಬೇಡ, ಎಷ್ಟು ಫೈಲುಗಳಲ್ಲಿ ಬಂತು ಅನ್ನೋದು ಬೇಕು. ಅದಕ್ಕೇ `-l`.

```
grep -liw "kafka" *.txt | wc -l
grep -liE "\breact(js|\.js)?\b" *.txt | wc -l
grep -liE "kubernetes|k8s" *.txt | wc -l
```

ಇಲ್ಲಿ ಎಚ್ಚರ ಬೇಕು. `-w` ಇಲ್ಲದೆ `java` ಹುಡುಕಿದರೆ `JavaScript` ಕೂಡ ಲೆಕ್ಕಕ್ಕೆ ಬರುತ್ತದೆ. ಬರೀ `react` ಹಾಕಿದರೆ `reactive` ಸಿಗುತ್ತದೆ, ಅದು ಜಾವಾ ಜೆಡಿಗಳಲ್ಲಿ ಬೇರೆಯೇ ವಿಷಯ. `go` ಅಂತೂ `-w` ಹಾಕಿದರೂ `go-getter` ಅನ್ನು ಹಿಡಿದು ತರುತ್ತದೆ. ಹಾಗಾಗಿ ಆ ಪದಕ್ಕೆ ಸಿಕ್ಕ ಫೈಲುಗಳನ್ನು ಕಣ್ಣಿನಿಂದಲೇ ನೋಡಿದೆ. ಯಾವ ಪದದ ಸಂಖ್ಯೆ ನಿರೀಕ್ಷೆಗಿಂತ ತೀರಾ ಜಾಸ್ತಿ ಬಂದರೂ ಐದಾರು ಫೈಲ್ ತೆರೆದು ನೋಡುವುದು ಒಳ್ಳೆಯದು.

84ರಲ್ಲಿ ಎಡಬ್ಲ್ಯುಎಸ್ 52, ಕುಬರ್ನೆಟಿಸ್ 41, ಕಾಫ್ಕಾ 35, ರಿಯಾಕ್ಟ್ 19 ಬಂದವು. ಗೋ ಬೆರಳೆಣಿಕೆಯಷ್ಟು. ಇಲ್ಲಿಗೇ ನಿಲ್ಲಿಸಿದರೆ ಎಡಬ್ಲ್ಯುಎಸ್ ಕಲಿಯಬೇಕು ಅನ್ನಿಸುತ್ತದೆ. ಆದರೆ ಒಂದೊಂದೇ ಓದುತ್ತಾ ಹೋದರೆ, ಎಡಬ್ಲ್ಯುಎಸ್ ಹೆಚ್ಚಾಗಿ ಕೊನೆಯಲ್ಲಿ, "ಇದ್ದರೆ ಒಳ್ಳೆಯದು" ಅನ್ನುವ ಸಾಲಿನಲ್ಲಿ ಕೂತಿತ್ತು. ಕಾಫ್ಕಾ ಮಾತ್ರ ಜವಾಬ್ದಾರಿಗಳ ಭಾಗದಲ್ಲೇ ಬರುತ್ತಿತ್ತು, ಕ್ರಿಯಾಪದದ ಜೊತೆಗೆ: ಕಾಫ್ಕಾ ಬಳಸಿ ಇಂಥ ಸೇವೆಯನ್ನು ಕಟ್ಟಬೇಕು, ನೋಡಿಕೊಳ್ಳಬೇಕು ಅಂತ. ಕೆಲಸದ ವಿವರದಲ್ಲಿ ಬಂದ ಕೌಶಲಕ್ಕೂ ಪಟ್ಟಿಯ ಬಾಲದಲ್ಲಿ ಬಂದದ್ದಕ್ಕೂ ಒಂದೇ ತೂಕ ಕೊಡಬಾರದು ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ.

ಆಮೇಲೆ ಮಾಡಿದ ಎಣಿಕೆಯೇ ನಿಜಕ್ಕೂ ದಾರಿ ತೋರಿಸಿದ್ದು. ಒಂದು ಶೀಟ್ ತೆರೆದು, ಪ್ರತಿ ಜೆಡಿಗೆ ಒಂದು ಸಾಲು ಕೊಟ್ಟು, ಕಡ್ಡಾಯ ಅಂತ ಕೇಳಿದ್ದರಲ್ಲಿ ನನಗೆ ಬರದಿರುವುದನ್ನು ಮಾತ್ರ ಬರೆದೆ. ನಾಲ್ಕೈದು ವಿಷಯ ಬರದಿರುವ ಕೆಲಸ ಸದ್ಯಕ್ಕೆ ನನ್ನದಲ್ಲ, ಅದನ್ನು ಬಿಟ್ಟೆ. ಒಂದೇ ಒಂದು ವಿಷಯ ಕಡಿಮೆ ಬಿದ್ದಿದ್ದು 23 ಜೆಡಿಗಳಲ್ಲಿ. ಆ ಒಂದು ವಿಷಯ 12ರಲ್ಲಿ ಕಾಫ್ಕಾ, 6ರಲ್ಲಿ ಕುಬರ್ನೆಟಿಸ್, 2ರಲ್ಲಿ ರಿಯಾಕ್ಟ್, ಮಿಕ್ಕಿದ್ದು ಚಿಲ್ಲರೆ. ರಿಯಾಕ್ಟ್ ಕೇಳುವ ಕಡೆ ಟೈಪ್‌ಸ್ಕ್ರಿಪ್ಟ್, ಸಿಎಸ್‌ಎಸ್ ಎಲ್ಲ ಸೇರಿಕೊಂಡಿರುತ್ತಿದ್ದವು. ಹಾಗಾಗಿ ರಿಯಾಕ್ಟ್ ಒಂದನ್ನೇ ಕಲಿತರೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಕಾಫ್ಕಾ ಕೇಳುವ ಕಡೆ ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್ ಇರುತ್ತಿದ್ದವು. ಅವು ನನ್ನ ಕೈಯಲ್ಲಿ ಆಗಲೇ ಇದ್ದವು ಅಲ್ವಾ?

ಕಾಫ್ಕಾದಲ್ಲಿ ಯಾವ ಭಾಗ ಕಲಿಯಬೇಕು ಅನ್ನೋದನ್ನೂ ಅದೇ ಫೈಲುಗಳು ಹೇಳಿದವು.

```
grep -ih -A2 -B2 "kafka" *.txt
```

ಸುತ್ತಲಿನ ಸಾಲುಗಳನ್ನು ಒಟ್ಟಿಗೆ ಓದಿದಾಗ ಚಿತ್ರ ತಿಳಿಯಾಯಿತು. ಕ್ಲಸ್ಟರ್ ಕಟ್ಟುವುದು, ಬ್ರೋಕರ್ ನೋಡಿಕೊಳ್ಳುವುದು ಇಂಥ ಜೆಡಿಗಳಲ್ಲಿ ಇರಲಿಲ್ಲ, ಅದು ಡೆವ್‌ಆಪ್ಸ್ ಕೆಲಸಗಳಲ್ಲಿ ಬರುತ್ತದೆ. ಇಲ್ಲಿ ಬರುತ್ತಿದ್ದದ್ದು ಕನ್ಸ್ಯೂಮರ್ ಗ್ರೂಪ್, ಪಾರ್ಟಿಷನ್, ಮರುಪ್ರಯತ್ನ, ಡೆಡ್ ಲೆಟರ್ ಟಾಪಿಕ್, ಸ್ಕೀಮಾ ರಿಜಿಸ್ಟ್ರಿ. ಕೋರ್ಸ್ ಕೊಂಡುಕೊಳ್ಳುವ ಬದಲು ಈ ಐದನ್ನೇ ಪಾಠಪಟ್ಟಿ ಮಾಡಿಕೊಂಡೆ. ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಚಿಕ್ಕ ಆರ್ಡರ್ ಸೇವೆ ಬರೆದೆ. ಕನ್ಸ್ಯೂಮರ್ ಆರ್ಡರ್ ಮುಗಿಸಿ, ಎಲ್ಲಿಯವರೆಗೆ ಓದಿದೆ ಅಂತ ಹೇಳುವ ಆಫ್‌ಸೆಟ್ ಕಮಿಟ್ ಮಾಡುವ ಮುಂಚೆ ಅದನ್ನು ಬೇಕೆಂದೇ ಕೊಂದೆ. ಮತ್ತೆ ಶುರುವಾದಾಗ ಅದೇ ಮೆಸೇಜ್ ಎರಡನೇ ಸಲ ಬಂತು, ಆರ್ಡರ್ ಎರಡಾಯಿತು. ಅದನ್ನು ತಡೆಯಲು ಡೇಟಾಬೇಸ್‌ನಲ್ಲಿ ಮೆಸೇಜ್ ಐಡಿಗೆ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ, ಆರ್ಡರ್ ಮತ್ತು ಐಡಿಯನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆದೆ. ಆಮೇಲೆ ಬಂದ ಇಂಟರ್‌ವ್ಯೂಗಳಲ್ಲಿ ಕೇಳಿದ್ದು ಹೆಚ್ಚಾಗಿ ಇದನ್ನೇ.

ಟ್ರೆಂಡ್ ಬಗ್ಗೆಯೂ ಹೇಳಬೇಕು. ಸ್ಟಾಕ್ ಓವರ್‌ಫ್ಲೋ 2011ರಿಂದ ಪ್ರತಿ ವರ್ಷ ಸಮೀಕ್ಷೆ ಮಾಡುತ್ತಿದೆ. ಅದು ಡೆವಲಪರ್‌ಗಳು ಏನು ಬಳಸುತ್ತಾರೆ, ಏನು ಇಷ್ಟಪಡುತ್ತಾರೆ ಅಂತ ಕೇಳುತ್ತದೆ. ಭಾಷೆಗಳ ಜನಪ್ರಿಯತೆ ಅಳೆಯುವ ಟಿಯೋಬಿ ಪಟ್ಟಿ ಸರ್ಚ್ ಎಂಜಿನ್‌ಗಳ ಫಲಿತಾಂಶ ಎಣಿಸುತ್ತದೆ. ಇವೆರಡೂ ನನ್ನ ಅನುಭವದವರಿಗೆ ಸಂಬಳ ಕೊಡಲು ಯಾರು ಸಿದ್ಧ ಅಂತ ಹೇಳೋದಿಲ್ಲ. ರಸ್ಟ್ ವರ್ಷಗಟ್ಟಲೆ ಸ್ಟಾಕ್ ಓವರ್‌ಫ್ಲೋದಲ್ಲಿ ಹೆಚ್ಚು ಮೆಚ್ಚಿದ ಭಾಷೆಗಳ ಪಟ್ಟಿಯ ಮೇಲ್ತುದಿಯಲ್ಲಿದೆ, ನನ್ನ 84ರಲ್ಲಿ ಅದು ಕಾಣಲೇ ಇಲ್ಲ. ಆದರೆ ಜೆಡಿಗಳಿಗೂ ಒಂದು ಮಿತಿ ಇದೆ. ಕಂಪನಿ ಆಗಲೇ ತೀರ್ಮಾನಿಸಿದ್ದು ಮಾತ್ರ ಅಲ್ಲಿ ಬರುತ್ತದೆ, ಎಷ್ಟೋ ಸಲ ಹಳೇ ಜೆಡಿಯನ್ನೇ ಎಚ್‌ಆರ್ ಮತ್ತೆ ಹಾಕಿರುತ್ತಾರೆ. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು. ಹಾಗಿದ್ದೂ ಜಾವಾ 8 ಮಾತ್ರ ಬರೆದ ಜೆಡಿಗಳು ನನಗೆ ಸಿಕ್ಕವು. ಅಂಥ ಕಡೆ ಹಳೇ ಕೋಡ್ ಇರಬಹುದು, ಅಥವಾ ಜೆಡಿಯೇ ಹಳೆಯದಿರಬಹುದು. ಕಂಪನಿಯ ಸ್ವಂತ ಕರಿಯರ್ಸ್ ಪುಟದಲ್ಲಿ ಆ ಕೆಲಸ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಲೆಕ್ಕದಿಂದ ತೆಗೆದೆ.

ಮೂರು ತಿಂಗಳಿಗೊಮ್ಮೆ ಅದೇ ಹುಡುಕಾಟ, ಅದೇ ಅನುಭವದ ಮಿತಿ ಇಟ್ಟು ಹೊಸ ಫೋಲ್ಡರ್ ಮಾಡುತ್ತೇನೆ. ಹುಡುಕುವ ಪದ ಬದಲಾದರೆ ಹೋಲಿಸಲು ಆಗೋದಿಲ್ಲ. 80ರಷ್ಟು ಜೆಡಿಯಲ್ಲಿ ಮೂರು ನಾಲ್ಕರ ಏರಿಳಿತಕ್ಕೆ ಅರ್ಥ ಇಲ್ಲ, ಎರಡು ಮೂರು ಸುತ್ತು ಒಂದೇ ದಿಕ್ಕಿಗೆ ಹೋದರೆ ಮಾತ್ರ ಗಮನಿಸುತ್ತೇನೆ. ಈಗಿನ ಸುತ್ತಿನಲ್ಲಿ ಒಂದೇ ವಿಷಯ ಕಡಿಮೆ ಬೀಳುವ ಸಾಲುಗಳಲ್ಲಿ ಕುಬರ್ನೆಟಿಸ್ ಮುಂದಿದೆ. ಅದರ ಸುತ್ತಲಿನ ವಾಕ್ಯಗಳನ್ನು ಓದುತ್ತಿದ್ದೇನೆ.