ಎಕ್ಸ್‌ರೇಯಲ್ಲಿ ಕಾಣದ ಬಿರುಕು: ಪಾದಯಾತ್ರೆಯ ಕಾಲು ಮತ್ತೆ ನಡೆದ ಬಗೆ

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆಯುವವರಿಗೆ ಅಂಗಾಲಿನ ಗುಳ್ಳೆ, ಮೀನಖಂಡದ ಹಿಡಿತ, ಮಂಡಿ ನೋವು ಹೊಸದಲ್ಲ. ಅದಕ್ಕೆ ಬೇಕಾದ ಸೂಜಿ, ಹತ್ತಿ, ಮುಲಾಮು ಪ್ರತಿ ತಂಡದ ಚೀಲದಲ್ಲೂ ಇರುತ್ತವೆ. ಆದರೆ ಪಾದದ ಒಳಗಿನ ಮೂಳೆಯೇ ಬಿರುಕು ಬಿಡಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬಿದ್ದಿಲ್ಲ, ಎಡವಿಲ್ಲ, ಕಾಲು ಹೊರಳಿಲ್ಲ, ಆದರೂ ಮೂಳೆ ಬಿರುಕು ಬಿಡುತ್ತದೆ. ಡಾಕ್ಟರು ಇದನ್ನು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಮೈಲಿಗಟ್ಟಲೆ ನಡೆಯುವ ಸೈನಿಕರ ಪಾದದಲ್ಲಿ ಇದನ್ನು ಮೊದಲು ವಿವರಿಸಿದ್ದು 1855ರಲ್ಲಿ, ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹೌಪ್ಟ್. ಹಾಗಾಗಿ ಮಾರ್ಚ್ ಫ್ರ್ಯಾಕ್ಚರ್ ಎಂಬ ಹೆಸರೂ ಇದಕ್ಕಿದೆ.

ನನಗೆ ಅದು ಶುರುವಾಗಿದ್ದು ಹಾಸನ ದಾಟಿದ ಮೇಲೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದವರೆಗೆ ಏನೂ ಇರಲಿಲ್ಲ. ಬೇಲೂರಿನ ಹಾದಿಯಲ್ಲಿ ಸಂಜೆ ಹೊತ್ತಿಗೆ ಬಲಪಾದದ ಮೇಲ್ಭಾಗದಲ್ಲಿ, ಎರಡನೇ ಬೆರಳಿನ ಬುಡದಿಂದ ಸ್ವಲ್ಪ ಹಿಂದಕ್ಕೆ, ಒಂದು ನೋವು ಕಾಣಿಸಿಕೊಂಡಿತು. ರಾತ್ರಿ ಮಲಗಿ ಎದ್ದರೆ ಇಲ್ಲ. ಮರುದಿನ ಅದೇ ನೋವು ಮಧ್ಯಾಹ್ನಕ್ಕೇ ಬಂತು. ಅದರ ಮರುದಿನ ಬೆಳಗಿನ ಮೊದಲ ಹೆಜ್ಜೆಯಲ್ಲೇ ಇತ್ತು. ನೋವು ಹೀಗೆ ದಿನದಿಂದ ದಿನಕ್ಕೆ ಮುಂಚಿತವಾಗಿ ಬರುವುದೇ ಗಮನಿಸಬೇಕಾದ ಲಕ್ಷಣ. ಸ್ನಾಯುವಿನ ನೋವಾದರೆ ಬೆಳಿಗ್ಗೆ ಬಿಗಿಯಾಗಿದ್ದು ಒಂದೆರಡು ಕಿಲೋಮೀಟರ್ ನಡೆದ ಮೇಲೆ ಸಡಿಲವಾಗುತ್ತದೆ. ಮೂಳೆಯ ನೋವು ನಡೆದಷ್ಟೂ ಏರುತ್ತದೆ. ಇನ್ನೊಂದು ವ್ಯತ್ಯಾಸವನ್ನು ಬೆರಳಿಂದಲೇ ತಿಳಿಯಬಹುದು. ಸ್ನಾಯು ನೋವು ಪಾದದ ತುಂಬ ಹರಡಿರುತ್ತದೆ, ಆದರೆ ಬಿರುಕಿನ ನೋವಿನ ಜಾಗ ಒಂದು ಬೆರಳ ತುದಿಯಷ್ಟೇ. ಅಲ್ಲಿ ಒತ್ತಿದರೆ ಜೀವ ಹೋದಂತಾಗುತ್ತದೆ, ಪಕ್ಕದಲ್ಲಿ ಒತ್ತಿದರೆ ಏನೂ ಇಲ್ಲ.

ಕೊಟ್ಟಿಗೆಹಾರ ತಲುಪುವಾಗ ಆ ಜಾಗ ಸ್ವಲ್ಪ ಊದಿತ್ತು. ಮುಂದೆ ಚಾರ್ಮಾಡಿ ಘಾಟಿ, ಪೂರ್ತಿ ಇಳಿಜಾರು. ಇಳಿಯುವಾಗ ಮೈಭಾರ ಪಾದದ ಮುಂಭಾಗಕ್ಕೇ ಬೀಳುತ್ತದೆ. ನಾನು ಅಲ್ಲೇ ನಿಲ್ಲಿಸಿದೆ. ತಂಡದ ಹಿರಿಯರು, "ಮಂಜುನಾಥ ಸ್ವಾಮಿ ಬಸ್ಸಲ್ಲಿ ಬಂದವರಿಗೂ ದರ್ಶನ ಕೊಡ್ತಾನೆ, ಹತ್ತಪ್ಪ" ಎಂದರು. ಆ ಮಾತು ನನಗೆ ದೊಡ್ಡ ನೆಮ್ಮದಿ ಕೊಟ್ಟಿತು. ಹರಕೆ ಹೊತ್ತವರು ನೋವಿದ್ದರೂ ಘಾಟಿ ಇಳಿದುಬಿಡುತ್ತಾರೆ. ಕೂದಲೆಳೆಯಷ್ಟಿದ್ದ ಬಿರುಕು ಪೂರ್ತಿ ಮುರಿತವಾಗುವುದು ಇಂಥಲ್ಲೇ.

ಊರಿಗೆ ಬಂದು ಮೂಳೆ ಡಾಕ್ಟರ ಹತ್ತಿರ ಹೋದಾಗ ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ಅವರು ಬೆರಳಿಂದ ಎರಡನೇ ಮೆಟಟಾರ್ಸಲ್, ಅಂದರೆ ಎರಡನೇ ಬೆರಳಿಗೆ ಸೇರುವ ಪಾದದ ಉದ್ದ ಮೂಳೆಯ ಉದ್ದಕ್ಕೂ ಒತ್ತುತ್ತಾ ಬಂದು, ನಾನು ಕಾಲೆಳೆದುಕೊಂಡ ಕಡೆ ನಿಂತರು. "ಎಕ್ಸ್‌ರೇ ಚೆನ್ನಾಗಿದೆ ಅಂತ ಕಾಲು ಚೆನ್ನಾಗಿದೆ ಅನ್ಕೋಬೇಡಿ ಸರ್. ಬಿರುಕಿದೆ ಅಂತಲೇ ಇಟ್ಕೊಳ್ಳೋಣ, ಮೂರು ವಾರ ಬಿಟ್ಟು ಇನ್ನೊಂದು ತೆಗೆಯೋಣ" ಎಂದರು. ಮೂರು ವಾರದ ಮೇಲಿನ ಚಿತ್ರದಲ್ಲಿ ಮೂಳೆಯ ಸುತ್ತ ಮಸುಕಾದ ಬಿಳಿ ಗಂಟೊಂದು ಕಂಡಿತು. ಅದು ಬಿರುಕಲ್ಲ, ಬಿರುಕನ್ನು ಕಟ್ಟಲು ದೇಹ ಹಾಕಿದ ಹೊಸ ಮೂಳೆ. ಮೊದಲ ವಾರಗಳಲ್ಲಿ ಬಿರುಕು ಬಹಳ ಸೂಕ್ಷ್ಮವಾಗಿರುವುದರಿಂದ ಎಕ್ಸ್‌ರೇಗೆ ಸಿಗುವುದು ಅಪರೂಪ, ಎಂಆರ್‌ಐಯಲ್ಲಾದರೆ ಆಗಲೇ ಸಿಗುತ್ತದೆ. ನನಗೆ ಎಂಆರ್‌ಐ ಬೇಕಾಗಲಿಲ್ಲ, ಏಕೆಂದರೆ ಈ ಮೂಳೆಯ ನಡುಭಾಗ ಸಾಮಾನ್ಯವಾಗಿ ವಿಶ್ರಾಂತಿಯಿಂದಲೇ ಕೂಡುತ್ತದೆ. ವರದಿ ಏನೇ ಬಂದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ.

ಮೂಳೆ ಏಕೆ ಬಿರಿಯಿತು ಎಂದು ಡಾಕ್ಟರು ವಿವರಿಸಿದ್ದು ನನ್ನ ನಡಿಗೆಯ ಲೆಕ್ಕವನ್ನೇ ಬದಲಿಸಿತು. ಮೂಳೆ ಜೀವಂತ ವಸ್ತು. ಅದರ ಮೇಲೆ ಹೊಸ ಭಾರ ಬಿದ್ದಾಗ, ಸವೆದ ಭಾಗವನ್ನು ಒಂದು ಬಗೆಯ ಜೀವಕೋಶಗಳು ಮೊದಲು ಕೆರೆದು ತೆಗೆಯುತ್ತವೆ. ಆಮೇಲೆ ಇನ್ನೊಂದು ಬಗೆಯವು ಬಂದು ಗಟ್ಟಿ ಮೂಳೆ ತುಂಬುತ್ತವೆ. ತೆಗೆಯುವ ಕೆಲಸ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ತುಂಬುವುದಕ್ಕೆ ತಿಂಗಳುಗಳು ಬೇಕು. ಹಳೆ ಹೆಂಚು ಇಳಿಸಿ ಹೊಸ ಹೆಂಚು ಹೊದಿಸುವ ಮನೆಗೆ ನಡುವೆ ಮಳೆ ಬಂದರೆ ಆಗುವಂತೆ, ಆ ನಡುವಿನ ವಾರಗಳಲ್ಲಿ ಮೂಳೆ ಮೊದಲಿಗಿಂತ ಬಲಹೀನ. ನಮ್ಮ ತಂಡದಲ್ಲಿ ರೂಢಿ ಏನೆಂದರೆ ಸಂಕ್ರಾಂತಿ ಮುಗಿಸಿ ಅಭ್ಯಾಸ ಶುರು ಮಾಡುವುದು. ಶಿವರಾತ್ರಿ ಬರುವುದು ಅದಾಗಿ ಒಂದು ತಿಂಗಳಿಂದ ಎಂಟು ವಾರದೊಳಗೆ. ಅಂದರೆ ಕೆರೆದು ತೆಗೆಯುವ ಕೆಲಸ ಆಗಿ, ತುಂಬುವ ಕೆಲಸ ಇನ್ನೂ ಅರ್ಧದಲ್ಲಿರುವಾಗಲೇ ನಾವು ದಿನಕ್ಕೆ ನಲವತ್ತು ಕಿಲೋಮೀಟರ್ ಡಾಂಬರಿನ ಮೇಲೆ ನಡೆಯುತ್ತೇವೆ. ಆಗ ಉಸಿರು ತಾಳುತ್ತದೆ, ತೊಡೆ ತಾಳುತ್ತದೆ, ಏಕೆಂದರೆ ಅವೆರಡೂ ಬೇಗ ಪಳಗುತ್ತವೆ. ಮೂಳೆ ಮಾತ್ರ ಹಿಂದೆ ಉಳಿದಿರುತ್ತದೆ.

ಎರಡನೇ ಮೆಟಟಾರ್ಸಲ್‌ಗೇ ಇದು ಹೆಚ್ಚಾಗಿ ಬರುವುದಕ್ಕೂ ಕಾರಣವಿದೆ. ಅದರ ಬುಡ ಪಾದದ ನಡುವಿನ ಮೂಳೆಗಳ ಸಂದಿಯಲ್ಲಿ ಭದ್ರವಾಗಿ ಕೂತಿರುತ್ತದೆ. ಅಕ್ಕಪಕ್ಕದ ಮೂಳೆಗಳಂತೆ ಅದು ಅಲುಗಾಡಿ ಭಾರ ತಪ್ಪಿಸಿಕೊಳ್ಳಲಾರದು, ಬಾಗಲೇಬೇಕು. ಬೆರಳುಗಳನ್ನು ನೆಲಕ್ಕೆ ಒತ್ತುವ ಸ್ನಾಯುಗಳು ದಣಿಯುವ ತನಕ ಆ ಬಾಗುವಿಕೆಗೆ ತಡೆ ಕೊಡುತ್ತವೆ. ದಣಿದ ಮೇಲೆ ಭಾರವೆಲ್ಲ ಮೂಳೆಗೆ. ನೋವು ಮೊದಮೊದಲು ಸಂಜೆಗೇ ಬಂದದ್ದು ಬಹುಶಃ ಇದಕ್ಕೇ. ತೆಳು ಹವಾಯಿ ಚಪ್ಪಲಿಯಲ್ಲಿ ಬೆರಳುಗಳು ಚಪ್ಪಲಿಯನ್ನು ಹಿಡಿದುಕೊಳ್ಳುವುದಕ್ಕೇ ಅರ್ಧ ಶಕ್ತಿ ಕಳೆಯುತ್ತವೆ.

ಚಿಕಿತ್ಸೆ ಎಂದರೆ ಮೊಣಕಾಲ ಕೆಳಗಿನವರೆಗೆ ಬರುವ, ಅಡಿ ಬಾಗದ ವಾಕಿಂಗ್ ಬೂಟು. ಮೊದಲ ವಾರಗಳಲ್ಲಿ ಮನೆಯೊಳಗೂ ಅದನ್ನು ಹಾಕಿಯೇ ಓಡಾಡಿದೆ, ಸ್ನಾನಕ್ಕೆ, ನಿದ್ದೆಗೆ ತೆಗೆಯುತ್ತಿದ್ದೆ. ಈ ಜಾಗದ ಬಿರುಕಿಗೆ ಪೂರ್ತಿ ಮಂಚ ಹಿಡಿಯಬೇಕಾಗಿಲ್ಲ. ಬೂಟಿನಲ್ಲಿ ನೋವಿಲ್ಲದಷ್ಟು ನಡೆದರೆ ತೊಂದರೆಯಿಲ್ಲ. ಬೂಟಿನಿಂದ ಒಂದು ಕಾಲು ಎತ್ತರವಾಗಿ ಸೊಂಟ ನೋಯತೊಡಗಿದಾಗ ಇನ್ನೊಂದು ಕಾಲಿಗೆ ದಪ್ಪ ಅಡಿಯ ಶೂ ಹಾಕಿಕೊಂಡೆ. ನೋವಿನ ಮಾತ್ರೆ ಬೇಕೆನಿಸಿದಾಗ ಪ್ಯಾರಾಸಿಟಮಾಲ್ ಸಾಕೆಂದರು. ಬಾವು ಇಳಿಸುವ ಬಲವಾದ ಮಾತ್ರೆಗಳನ್ನು ದಿನಗಟ್ಟಲೆ ನುಂಗಿದರೆ ಮೂಳೆ ಕೂಡುವುದಕ್ಕೆ ಅಡ್ಡಿಯಾಗಬಹುದು ಎಂಬ ಎಚ್ಚರ ಒಂದು, ಮಾತ್ರೆಯ ಬಲದಲ್ಲಿ ನಡೆದರೆ ನೋವೆಂಬ ಅಳತೆಗೋಲೇ ಕೈತಪ್ಪುತ್ತದೆ ಎಂಬುದು ಇನ್ನೊಂದು. ಊದಿದ ಜಾಗವನ್ನು ಎಣ್ಣೆ ಹಚ್ಚಿ ನೀವುವುದು ಬೇಡ ಎಂದೂ ಹೇಳಿದರು. ಉಳುಕೆಂದು ತಿಳಿದು ಜೋರಾಗಿ ನೀವುವುದು ನಮ್ಮಲ್ಲಿ ಬಹಳ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 14 ಬಂತು, 20ಕ್ಕಿಂತ ಕಡಿಮೆಯಿದ್ದರೆ ಕೊರತೆ. ವಾರಕ್ಕೊಂದರಂತೆ 60,000 ಯೂನಿಟ್‌ನ ಮಾತ್ರೆ ಬರೆದುಕೊಟ್ಟರು. ಇದನ್ನು ಪರೀಕ್ಷೆಯಿಲ್ಲದೆ, ತಿಂಗಳುಗಟ್ಟಲೆ ತಾವಾಗಿಯೇ ನುಂಗುವಂತಿಲ್ಲ. ಹೆಚ್ಚಾದರೆ ವಿಷವಾಗುತ್ತದೆ. ಕ್ಯಾಲ್ಸಿಯಂಗೆ ಬೇರೆ ಮಾತ್ರೆ ಬೇಕಾಗಲಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ, ದಿನಕ್ಕೆ ಬೇಕಾದದ್ದು ಸಾವಿರದ ಆಸುಪಾಸು. ಮುದ್ದೆ, ಹಾಲು, ಮೊಸರಿನಲ್ಲೇ ಹೆಚ್ಚುಕಡಿಮೆ ಹೊಂದಿತು.

ಕಷ್ಟದ ಭಾಗ ಬಂದದ್ದು ನೋವು ಹೋದ ಮೇಲೆ. ಬೂಟಿನ ನಾಲ್ಕನೇ ವಾರಕ್ಕೆ ಓಡಾಟದಲ್ಲಿ ನೋವೇ ಇರಲಿಲ್ಲ. ಆದರೆ ಆ ಹೊತ್ತಿಗೆ ಇರುವುದು ಮೆದು ಮೂಳೆ, ಅದು ಗಟ್ಟಿಯಾಗುವುದು ಮುಂದಿನ ತಿಂಗಳುಗಳಲ್ಲಿ. ಹಾಗಾಗಿ ಡಾಕ್ಟರು ಮೂರು ಪರೀಕ್ಷೆ ಹೇಳಿದರು. ಬಿರುಕಿದ್ದ ಜಾಗದಲ್ಲಿ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೂ ನೋಯಬಾರದು. ಗೋಡೆ ಹಿಡಿದು ತುದಿಗಾಲಲ್ಲಿ ನಿಂತರೆ ನೋಯಬಾರದು. ಗಟ್ಟಿ ಅಡಿಯ ಶೂ ಹಾಕಿ ದಿನದ ಮನೆಗೆಲಸವೆಲ್ಲ ಮಾಡಿದರೂ ಮರುದಿನ ಬೆಳಿಗ್ಗೆ ಒತ್ತಿದಾಗ ಅಲ್ಲಿ ನೋವು ಮರಳಿರಬಾರದು. ನನಗೆ ಒತ್ತಿದಾಗಿನ ನೋವು ಆರನೇ ವಾರ ದಾಟುವ ತನಕ ಇತ್ತು. ಬೂಟು ಬಿಟ್ಟದ್ದು ಅದು ಹೋದ ಮೇಲೆ.

ನಡಿಗೆ ಶುರುವಾಗಿದ್ದು ಶಾಲೆಯ ಮಣ್ಣಿನ ಮೈದಾನದಲ್ಲಿ, ಹದಿನೈದು ನಿಮಿಷ, ದಿನ ಬಿಟ್ಟು ದಿನ. ನಡುವಿನ ದಿನಗಳಲ್ಲಿ ಸೈಕಲ್ ತುಳಿದೆ, ಪೆಡಲ್ ಮೇಲೆ ಹಿಮ್ಮಡಿಯ ಕಡೆಯ ಭಾಗ ಇಟ್ಟು. ಕುರ್ಚಿಯಲ್ಲಿ ಕೂತು ನೆಲದ ಮೇಲೆ ಹಾಸಿದ ಟವೆಲನ್ನು ಬೆರಳುಗಳಿಂದ ಎಳೆದುಕೊಳ್ಳುವ ವ್ಯಾಯಾಮವನ್ನೂ ಬಿಡಲಿಲ್ಲ, ಬೆರಳಿನ ಸ್ನಾಯುಗಳಿಗೆ ಅದು ಬೇಕು. ಪ್ರತಿ ವಾರ ಐದೈದು ನಿಮಿಷ ಹೆಚ್ಚಿಸಿದೆ. ನಾಲ್ಕನೇ ವಾರ ಹೆಚ್ಚಿಸದೆ, ಸ್ವಲ್ಪ ಇಳಿಸಿ, ಆಮೇಲೆ ಮುಂದುವರಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದನ್ನು ಬಿಗಿಯಾಗಿ ಹಿಡಿದೆ. ದೂರ ಹೆಚ್ಚಿಸುವ ವಾರ ಡಾಂಬರಿಲ್ಲ. ಡಾಂಬರಿಗೆ ಇಳಿದ ವಾರ ದೂರ ಹಾಗೇ. ಏರಿಳಿತ ಆಮೇಲೆ, ಬೆನ್ನ ಮೇಲಿನ ಚೀಲ ಎಲ್ಲಕ್ಕಿಂತ ಕೊನೆಗೆ. ಮಣ್ಣಿನಿಂದ ಡಾಂಬರಿಗೆ ಬಂದ ವಾರ ಮರುದಿನ ಬೆಳಿಗ್ಗೆ ಒತ್ತಿದಾಗ ಆ ಜಾಗ ನೊಂದಿತು. ಎರಡು ದಿನ ನಡಿಗೆ ನಿಲ್ಲಿಸಿ, ಒತ್ತಿದರೆ ನೋಯದಂತಾದ ಮೇಲೆ ಹಿಂದಿನ ಹಂತಕ್ಕೆ ಇಳಿದೆ. ಮತ್ತೆ ಬರಲಿಲ್ಲ. ನಿಲ್ಲಿಸಿದರೂ ಮೂರ್ನಾಲ್ಕು ದಿನ ಉಳಿದಿದ್ದರೆ ಡಾಕ್ಟರ ಬಳಿ ಹೋಗಬೇಕಿತ್ತು.

ಈ ಕ್ರಮ ನನ್ನ ಬಿರುಕಿದ್ದ ಜಾಗಕ್ಕೆ ಮಾತ್ರ. ನೋವು ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಮೂಳೆಯ ಬುಡದಲ್ಲಿದ್ದರೆ, ಅಥವಾ ಕಣಕಾಲಿನ ಮುಂದೆ ಪಾದದ ಕಮಾನಿನ ತುದಿಯಲ್ಲಿದ್ದರೆ ವಿಷಯವೇ ಬೇರೆ. ಅಲ್ಲಿ ರಕ್ತ ಸಂಚಾರ ಕಡಿಮೆ. ಊರುಗೋಲು ಹಿಡಿದು, ವಾರಗಟ್ಟಲೆ ಕಾಲೂರದೆ ಇರಬೇಕಾಗಬಹುದು, ಕೆಲವೊಮ್ಮೆ ಸ್ಕ್ರೂ ಹಾಕುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೂ ಇದು ಸಲ್ಲದು. ಅವರಿಗೆ ನೋವೇ ಗೊತ್ತಾಗದಿರಬಹುದು. ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಅವರು ನೋವಿಲ್ಲವೆಂದು ನಡೆಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಶಿವರಾತ್ರಿಗೆ ನಾನು ಅಭ್ಯಾಸ ಹೆಚ್ಚಿಸತೊಡಗಿದ್ದು ದಸರಾ ಮುಗಿದ ಕೂಡಲೇ. ಅಲ್ಲಿಂದ ಶಿವರಾತ್ರಿಗೆ ನಾಲ್ಕು ತಿಂಗಳು ಸಿಗುತ್ತದೆ, ಕೆರೆದ ಮೂಳೆ ತುಂಬಿಕೊಳ್ಳುವುದಕ್ಕೆ ಬೇಕಾದಷ್ಟು. ಹವಾಯಿ ಬಿಟ್ಟು ಬಾಗದ ಅಡಿಯ ಶೂ ಹಾಕಿದೆ. ಪ್ರತಿ ರಾತ್ರಿ ತಂಗಿದಲ್ಲಿ ಕಾಲು ತೊಳೆದು ಆ ಜಾಗವನ್ನು ಒತ್ತಿ ನೋಡಿ ಮಲಗುತ್ತಿದ್ದೆ. ಆ ಸಲ ಕೊಟ್ಟಿಗೆಹಾರದಿಂದ ಘಾಟಿಯನ್ನು ನಡೆದೇ ಇಳಿದೆ. ತಂಡಕ್ಕೆ ಹೊಸದಾಗಿ ಹೆಸರು ಕೊಡುವವರಿಗೆ ಈಗ ನಮ್ಮ ಹಿರಿಯರೇ, "ಸಂಕ್ರಾಂತಿ ತನಕ ಕಾಯಬೇಡಿ, ದಸರಾ ಆದ ಮೇಲೆ ನಡೆಯೋಕೆ ಶುರು ಮಾಡಿ" ಎನ್ನುತ್ತಾರೆ.