ಕ್ಯಾಂಪಸ್ ಡ್ರೈವ್ ಪ್ರಕಟಣೆ: ಅರ್ಹತೆಯ ಸಾಲು ಹೀಗಿರಲಿ

ಬಳ್ಳಾರಿಯ ಕಾಲೇಜೊಂದರಲ್ಲಿ ಕ್ಯಾಂಪಸ್ ಡ್ರೈವ್ ಇದೆ ಎಂದು ಪೋಸ್ಟರ್ ಹಾಕಿದ ಸ್ವಲ್ಪ ಹೊತ್ತಿಗೇ ಪ್ಲೇಸ್‌ಮೆಂಟ್ ಅಧಿಕಾರಿಗೆ ಕರೆಗಳು ಶುರುವಾಗುತ್ತವೆ. “ಸಾರ್, ಡಿಪ್ಲೊಮಾ ಮುಗಿಸಿ ಬಂದೀನಿ, ಪಿಯುಸಿ ಇಲ್ಲ, ಹಾಕಬಹುದಾ?” “ಒಂದು ಸಬ್ಜೆಕ್ಟ್ ಉಳಿದಿತ್ತು, ಈಗ ಪಾಸಾಗೀನಿ, ನಡೀತೈತೇನ್ರಿ?” ಕ್ಯಾಪ್ಶನ್‌ನಲ್ಲಿ ಅರ್ಹತೆಯ ಸಾಲು ಅರೆಬರೆ ಇದ್ದರೆ ಹೀಗೇ ಆಗುವುದು.

ಮೊದಲ ಸಾಲಿನಲ್ಲಿ ಕಂಪನಿ, ಹುದ್ದೆ, ನೋಂದಣಿಯ ಕೊನೆಯ ದಿನ ಇರಲಿ. ಇನ್‌ಸ್ಟಾಗ್ರಾಮ್ ಆರಂಭದ ಒಂದೆರಡು ಸಾಲು ಮಾತ್ರ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ಆ ಜಾಗವನ್ನು “ಸಿಹಿ ಸುದ್ದಿ!” ಎಂದು ತುಂಬಿಸಬೇಡಿ.

ಇನ್ನು ಅರ್ಹತೆ. “ಎಲ್ಲದರಲ್ಲೂ 60%” ಎಂದು ಬರೆದರೆ ಲ್ಯಾಟರಲ್ ಎಂಟ್ರಿ ಮೂಲಕ ನೇರ ಎರಡನೇ ವರ್ಷಕ್ಕೆ ಸೇರಿದವರು ತಮಗಲ್ಲವೆಂದು ಸುಮ್ಮನಾಗುತ್ತಾರೆ. “ಪಿಯುಸಿ ಅಥವಾ ಡಿಪ್ಲೊಮಾ” ಎಂದೇ ಬರೆಯಿರಿ. “ಬ್ಯಾಕ್‌ಲಾಗ್ ಇರಬಾರದು” ಎಂಬುದಕ್ಕೂ ಎರಡು ಅರ್ಥ: ಈಗ ಬಾಕಿ ಇರಬಾರದು, ಅಥವಾ ಎಂದೂ ಫೇಲ್ ಆಗಿರಬಾರದು. ಕಂಪನಿಗೆ ಯಾವುದು ಬೇಕೋ ಮೊದಲು ಕೇಳಿಕೊಳ್ಳಿ. ಫಲಿತಾಂಶ ಬಾರದ ಸೆಮಿಸ್ಟರ್ ಇದ್ದರೆ ಎಲ್ಲಿಯವರೆಗಿನ ಅಂಕ ಲೆಕ್ಕಕ್ಕೆ ಎಂಬುದನ್ನೂ ಕೇಳಿ. ಕಂಪನಿ ಸಿಜಿಪಿಎ ಹೇಳಿದ್ದರೆ ಸಿಜಿಪಿಎಯನ್ನೇ ಹಾಕಿ. ನೀವಾಗಿಯೇ ಶೇಕಡಾಕ್ಕೆ ತಿರುಗಿಸಿದರೆ ಅಂಚಿನಲ್ಲಿರುವ ವಿದ್ಯಾರ್ಥಿ ತಪ್ಪು ಕಡೆ ಬೀಳುತ್ತಾನೆ. “ಎಲ್ಲ ಬ್ರಾಂಚ್” ಎನ್ನುವ ಬದಲು ಬ್ರಾಂಚ್‌ಗಳ ಹೆಸರು ಬರೆಯಿರಿ.

ಒಂದು ಮಾದರಿ:

“(ಕಂಪನಿ), ಟ್ರೈನಿ ಎಂಜಿನಿಯರ್. ನೋಂದಣಿ ಸೆಪ್ಟೆಂಬರ್ 9, 2026, ಬುಧವಾರ ಸಂಜೆ 5ರವರೆಗೆ.
ಯಾರಿಗೆ: 2027ರಲ್ಲಿ ಬಿಇ ಮುಗಿಸುವ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು. ಎಸ್ಸೆಸ್ಸೆಲ್ಸಿಯಲ್ಲಿ 60%, ಪಿಯುಸಿ ಅಥವಾ ಡಿಪ್ಲೊಮಾದಲ್ಲಿ 60%, ಬಿಇ 6ನೇ ಸೆಮಿಸ್ಟರ್‌ವರೆಗೆ 6.5 ಸಿಜಿಪಿಎ. ಈಗ ಬಾಕಿ ವಿಷಯ ಇರಬಾರದು; ಹಿಂದೆ ಉಳಿದು ಪಾಸಾಗಿದ್ದರೆ ಅಡ್ಡಿಯಿಲ್ಲ.
ಡ್ರೈವ್: ಸೆಪ್ಟೆಂಬರ್ 12, ಶನಿವಾರ. ಬೆಳಿಗ್ಗೆ 9.30ಕ್ಕೆ ಕಾಲೇಜು ಸಭಾಂಗಣದಲ್ಲಿ ಹಾಜರಿರಬೇಕು.”

“ನಾಳೆ”, “ಈ ಶನಿವಾರ” ಎಂದು ಬರೆಯಬೇಡಿ, ಫಾರ್ವರ್ಡ್ ಆದ ಮೇಲೆ ಅದಕ್ಕೆ ಅರ್ಥವಿರುವುದಿಲ್ಲ. ಕೊಪ್ಪಳ, ರಾಯಚೂರಿನಿಂದ ಬರುವವರು ರೈಲು, ಬಸ್ಸಿನ ಲೆಕ್ಕ ಹಾಕಬೇಕು, ಆದ್ದರಿಂದ ಹಾಜರಿಯ ಸಮಯ ಖಂಡಿತ ಇರಲಿ.

ನೋಂದಣಿಗೆ ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ. ಬಯೋದಲ್ಲಿ ಹಾಕಿ, ಅದನ್ನು ಕ್ಯಾಪ್ಶನ್‌ನಲ್ಲಿ ತಿಳಿಸಿ. ರೆಸ್ಯೂಮೆ ಅಪ್‌ಲೋಡ್ ಮಾಡಿಸುವ ಗೂಗಲ್ ಫಾರ್ಮ್ ಜೀಮೇಲ್ ಲಾಗಿನ್ ಕೇಳುತ್ತದೆ, ಲಾಗಿನ್ ಆಗಿರದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹಾಗಾಗಿ ಹಂತಗಳನ್ನು ಹೀಗೆ ಬರೆಯಿರಿ: ಜೀಮೇಲ್‌ಗೆ ಲಾಗಿನ್ ಆಗಿ, ಫಾರ್ಮ್ ತುಂಬಿ, ರೆಸ್ಯೂಮೆಯ ಪಿಡಿಎಫ್ ಸೇರಿಸಿ, ಸಬ್ಮಿಟ್ ಒತ್ತಿದ ಮೇಲೆ ಬರುವ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಶುಲ್ಕವಿಲ್ಲದಿದ್ದರೆ “ಯಾರಿಗೂ ಹಣ ಕೊಡಬೇಡಿ” ಎಂಬ ಸಾಲು ಸೇರಿಸಲೇಬೇಕು.

ಕಳಿಸುವ ಮುನ್ನ ಲಿಂಕನ್ನು ಬೇರೊಬ್ಬರ ಮೊಬೈಲ್‌ನಲ್ಲಿ ತೆರೆದು ನೋಡಿ. ನಿಮ್ಮ ಮೊಬೈಲ್‌ನಲ್ಲಿ ತೆರೆದುಕೊಂಡ ಫಾರ್ಮ್ ಉಳಿದವರಿಗೆ “ಅನುಮತಿ ಇಲ್ಲ” ಎನ್ನುತ್ತಿರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶ ತಿದ್ದಲು 15 ನಿಮಿಷವಷ್ಟೇ ಅವಕಾಶ, ಅಷ್ಟರೊಳಗೆ ಬೇರೆ ಗುಂಪುಗಳಿಗೆ ಹೋದ ಪ್ರತಿಗಳು ತಿದ್ದುಪಡಿಯಾಗುವುದಿಲ್ಲ.