ಸಿಆರ್‌ಆರ್ ಇಳಿದಾಗ ಬ್ಯಾಂಕಿನ ಲೆಕ್ಕಪತ್ರದಲ್ಲಿ ಏನಾಗುತ್ತದೆ: ನನ್ನ ಅನುಭವ

ಬ್ಯಾಂಕು ತನ್ನ ಠೇವಣಿಯಲ್ಲಿ ಇಂತಿಷ್ಟು ಪಾಲನ್ನು ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ ಇಟ್ಟಿರಬೇಕು, ಆ ಪಾಲೇ ಸಿಆರ್‌ಆರ್. ರಿಸರ್ವ್ ಬ್ಯಾಂಕ್ ಅದನ್ನು ಇಳಿಸಿದ ದಿನ ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಒಂದು ರೂಪಾಯಿಯೂ ಹಿಗ್ಗುವುದಿಲ್ಲ. ಹೊಸ ಹಣ ಬರುವುದಿಲ್ಲ, ಹೊಸ ಠೇವಣಿಯೂ ಬರುವುದಿಲ್ಲ. ಆದರೂ ಬ್ಯಾಂಕಿಗೆ ಸಾಲ ಕೊಡುವ ಶಕ್ತಿ ಜಾಸ್ತಿಯಾಗುತ್ತದೆ. ಇವೆರಡೂ ಒಟ್ಟಿಗೆ ಹೇಗೆ ನಿಜ ಅನ್ನುವುದು ಅರ್ಥವಾದರೆ ಉಳಿದದ್ದು ಸಲೀಸು.

ನಾನು ಬ್ಯಾಂಕಿನ ಮುಖ್ಯ ಕಚೇರಿಯ ಫಂಡ್ಸ್ ವಿಭಾಗದಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಕೊಡಗಿನ ಶಾಖೆಗೆ ಬಂದವನು. 2025ರ ಜೂನ್ 6ರಂದು ಸಿಆರ್‌ಆರ್ 4%ನಿಂದ 3%ಗೆ ಇಳಿಯುತ್ತದೆ, ಸುಮಾರು 2.5 ಲಕ್ಷ ಕೋಟಿ ರೂಪಾಯಿ ಬಿಡುಗಡೆಯಾಗುತ್ತದೆ ಎಂಬ ಸುದ್ದಿ ಬಂತು. ಪೊನ್ನಂಪೇಟೆ ಕಡೆಯ ಬೆಳೆಗಾರರೊಬ್ಬರು ಶಾಖೆಗೆ ಬಂದಾಗ ನೇರವಾಗಿ ಕೇಳಿದರು: "ಮ್ಯಾನೇಜರೇ, ಅಷ್ಟು ಹಣ ಬಿಟ್ಟಿದ್ದಾರಂತಲ್ಲ, ನಮ್ಮ ಶಾಖೆಗೆ ಎಷ್ಟು ಬಂತು?" ಒಳ್ಳೆಯ ಪ್ರಶ್ನೆ. ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ ಅನ್ನಿಸಿ ಕಾಗದದ ಮೇಲೆ ಒಂದು ಚಿಕ್ಕ ಬ್ಯಾಂಕು ಬರೆದು ತೋರಿಸಿದೆ. ಅಂದಿನಿಂದ ಯಾರು ಕೇಳಿದರೂ ಅದನ್ನೇ ಬರೆಯುತ್ತೇನೆ.

ಎಲ್ಲ ಅಂಕಿಯೂ ಕೋಟಿ ರೂಪಾಯಿಯಲ್ಲಿ. ಸಿಆರ್‌ಆರ್ 4% ಇದ್ದಾಗ:

ಹೊಣೆ: ಠೇವಣಿ 1,000, ಸ್ವಂತ ಬಂಡವಾಳ 110. ಒಟ್ಟು 1,110.
ಆಸ್ತಿ: ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ 40, ಶಾಖೆಗಳ ತಿಜೋರಿಯಲ್ಲಿ ನೋಟು 10, ಸರ್ಕಾರಿ ಬಾಂಡ್ 230, ಕೊಟ್ಟ ಸಾಲ 830. ಒಟ್ಟು 1,110.

ಇಲ್ಲಿ ಒಂದು ವಿಷಯ ಗಮನಿಸಿ. ತಿಜೋರಿಯಲ್ಲಿರುವ 10 ಕೋಟಿ ಸಿಆರ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ದೇಶದ ವಾಣಿಜ್ಯ ಬ್ಯಾಂಕುಗಳು ಸಿಆರ್‌ಆರ್ ಅನ್ನು ರಿಸರ್ವ್ ಬ್ಯಾಂಕಿನ ಖಾತೆಯಲ್ಲೇ ಇಡಬೇಕು. ಗೋಣಿಕೊಪ್ಪದ ಶಾಖೆಯ ತಿಜೋರಿ ತುಂಬಿ ತುಳುಕಿದರೂ ಸಿಆರ್‌ಆರ್‌ಗೆ ಉಪಯೋಗವಿಲ್ಲ. ತಿಜೋರಿಯ ನೋಟು ಎಸ್‌ಎಲ್‌ಆರ್ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಠೇವಣಿಯ ಇಂತಿಷ್ಟು ಪಾಲನ್ನು ಸರ್ಕಾರಿ ಬಾಂಡ್, ನೋಟು ಇಂಥವುಗಳಲ್ಲಿ ಇಟ್ಟುಕೊಂಡಿರಬೇಕು ಅನ್ನುವ ಇನ್ನೊಂದು ನಿಯಮ ಅದು. ಆದ್ದರಿಂದ "ನಮ್ಮ ಶಾಖೆಗೆ ಎಷ್ಟು ಬಂತು" ಅನ್ನುವುದಕ್ಕೆ ಉತ್ತರ ಸೊನ್ನೆ. ಶಾಖೆಗೆ ಸಿಆರ್‌ಆರ್ ಅಂತ ಬೇರೆ ಇಲ್ಲ. ಇಡೀ ಬ್ಯಾಂಕಿಗೆ ಒಂದೇ ಲೆಕ್ಕ, ಒಂದೇ ಖಾತೆ.

ಈಗ ಸಿಆರ್‌ಆರ್ 3% ಆಯಿತು ಅಂದುಕೊಳ್ಳಿ. 1,000 ಕೋಟಿ ಠೇವಣಿಗೆ 40ರ ಬದಲು 30 ಸಾಕು. ಆದರೆ ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ 40 ಕೋಟಿ ಹಾಗೇ ಇದೆ. ಒಟ್ಟು 1,110 ಕೂಡ ಹಾಗೇ ಇದೆ. ಬದಲಾಗಿದ್ದು ಇಷ್ಟೇ: ನಿನ್ನೆವರೆಗೆ ಆ 40 ಪೂರ್ತಿ ಕಟ್ಟಿಹಾಕಿದ ಹಣ. ಇವತ್ತು 30 ಕಟ್ಟಿಹಾಕಿದ್ದು, 10 ಬಿಡಿ ಹಣ. ಸಿಆರ್‌ಆರ್ ಖಾತೆಗೆ ರಿಸರ್ವ್ ಬ್ಯಾಂಕ್ ಬಡ್ಡಿ ಕೊಡುವುದಿಲ್ಲ. ಹಾಗಾಗಿ ಆ 10 ಕೋಟಿಯನ್ನು ಅಲ್ಲೇ ಬಿಟ್ಟು ಸುಮ್ನೆ ಕೂರುವ ಫಂಡ್ಸ್ ವಿಭಾಗ ಯಾವುದೂ ಇಲ್ಲ.

ಅದು ಸಾಲವಾಗುವುದು ಹೀಗೆ. ಕುಶಾಲನಗರದ ಒಬ್ಬ ಕಾಫಿ ಕ್ಯೂರಿಂಗ್ ವ್ಯಾಪಾರಿ ರೊಬಸ್ಟಾ ಖರೀದಿಗೆ 10 ಕೋಟಿ ಸಾಲ ಕೇಳುತ್ತಾರೆ. ಬ್ಯಾಂಕ್ ಮಂಜೂರು ಮಾಡಿ ಅವರ ಖಾತೆಗೆ ಹಾಕುತ್ತದೆ. ಆ ಕ್ಷಣದ ಲೆಕ್ಕ: ಸಾಲ 830ರಿಂದ 840 ಆಯಿತು. ಠೇವಣಿ 1,000ದಿಂದ 1,010 ಆಯಿತು. ಒಟ್ಟು 1,120. ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ ಇನ್ನೂ 40 ಇದೆ! ಸಾಲ ಕೊಡುವಾಗ ಬ್ಯಾಂಕು ಆ 40ನ್ನು ಮುಟ್ಟಿಲ್ಲ. ಒಂದು ಕಡೆ ಸಾಲ ಬರೆದು ಇನ್ನೊಂದು ಕಡೆ ಠೇವಣಿ ಬರೆದಿದೆ, ಅಷ್ಟೇ. ಠೇವಣಿಯನ್ನು ಪೆಟ್ಟಿಗೆಯಿಂದ ತೆಗೆದು ಸಾಲಗಾರನ ಕೈಗೆ ಕೊಡುವ ಚಿತ್ರ ತುಂಬ ಜನರ ಮನಸ್ಸಿನಲ್ಲಿದೆ. ಲೆಕ್ಕಪತ್ರದಲ್ಲಿ ಹಾಗೆ ಆಗುವುದಿಲ್ಲ.

ರಿಸರ್ವ್ ಬ್ಯಾಂಕಿನ ಖಾತೆಯಲ್ಲಿರುವ ಆ ಹಣ, ಅಂದರೆ ಮೀಸಲು, ಬೇಕಾಗುವುದು ಮುಂದಿನ ಹೆಜ್ಜೆಗೆ. ವ್ಯಾಪಾರಿ ಆ 10 ಕೋಟಿಯನ್ನು ಬೆಳೆಗಾರರಿಗೆ ಕಳಿಸುತ್ತಾರೆ. ಅವರ ಖಾತೆಗಳು ಬೇರೆ ಬ್ಯಾಂಕಿನಲ್ಲಿವೆ ಅಂದುಕೊಳ್ಳೋಣ. ಆರ್‌ಟಿಜಿಎಸ್‌ನಲ್ಲಿ ಹಣ ಹೋದಾಗ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕಿನ ಖಾತೆಯಿಂದ 10 ತೆಗೆದು ಆ ಬ್ಯಾಂಕಿನ ಖಾತೆಗೆ ಹಾಕುತ್ತದೆ. ಈಗ ನಮ್ಮ ಲೆಕ್ಕ: ರಿಸರ್ವ್ ಬ್ಯಾಂಕಿನಲ್ಲಿ 30, ನೋಟು 10, ಬಾಂಡ್ 230, ಸಾಲ 840. ಠೇವಣಿ ಮತ್ತೆ 1,000. ಒಟ್ಟು ಮತ್ತೆ 1,110. 1,000ದ 3% ಅಂದರೆ 30. ಸರಿಯಾಗಿ ಕೂತಿತು. ಸಿಆರ್‌ಆರ್ 4%ರಲ್ಲೇ ಇದ್ದಿದ್ದರೆ ಈ ಹೊತ್ತಿಗೆ 10 ಕೋಟಿ ಕೊರತೆ ಬಿದ್ದು, ನಾವು ಬೇರೆ ಬ್ಯಾಂಕಿನಿಂದ ಸಾಲ ತಂದೋ ಬಾಂಡ್ ಮಾರಿಯೋ ತುಂಬಬೇಕಿತ್ತು. ಸಿಆರ್‌ಆರ್ ಇಳಿದಾಗ ಬ್ಯಾಂಕಿಗೆ ಸಿಗುವುದು ಇದೇ: ಕೊಟ್ಟ ಸಾಲದ ಹಣ ಹೊರಗೆ ಹರಿದು ಹೋದರೂ ತಡೆದುಕೊಳ್ಳುವ ಶಕ್ತಿ.

ಮಿತಿಯೊಳಗೆ ಬೇಕಾದಾಗ ಬೇಕಾದಷ್ಟು ಸಾಲ ತೆಗೆಯುವ ಕ್ಯಾಶ್ ಕ್ರೆಡಿಟ್ ಖಾತೆಯಾದರೆ ನಡುವಿನ ಹಂತ ಕಾಣುವುದಿಲ್ಲ. ವ್ಯಾಪಾರಿ ಚೆಕ್ ಬರೆದಾಗಲೇ ಸಾಲ ಹುಟ್ಟುತ್ತದೆ, ಠೇವಣಿ ನೇರವಾಗಿ ಬೆಳೆಗಾರರ ಖಾತೆಯಲ್ಲಿ ಹುಟ್ಟುತ್ತದೆ. ಕೊನೆಯ ಲೆಕ್ಕ ಒಂದೇ.

ಆ ಎರಡನೇ ಬ್ಯಾಂಕಿಗೆ 10 ಕೋಟಿ ಠೇವಣಿ ಬಂತು, ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ 10 ಕೋಟಿಯೂ ಬಂತು. ಅದು 30 ಲಕ್ಷ ಕಟ್ಟಿಟ್ಟು 9.70 ಕೋಟಿ ಸಾಲ ಕೊಡಬಹುದು. ಮೂರನೇ ಬ್ಯಾಂಕು 9.41 ಕೋಟಿ. ಹೀಗೆ ಸರಪಳಿ ಮುಂದೆ ಹೋಗುತ್ತದೆ. ಕೊನೆ ಎಲ್ಲಿ ಅಂತ ನೋಡಲು ದೇಶದ ಎಲ್ಲ ಬ್ಯಾಂಕೂ ಸೇರಿ ನಾನು ಬರೆದ ಈ ಒಂದೇ ಬ್ಯಾಂಕು ಅಂದುಕೊಳ್ಳಿ. ಆಗ 40 ಕೋಟಿ ಎಲ್ಲಿಗೂ ಹೋಗುವುದಿಲ್ಲ. 40 ಕೋಟಿ 3% ಆಗುವವರೆಗೆ ಠೇವಣಿ ಬೆಳೆಯಬಹುದು. 40 ಭಾಗಿಸು 0.03, ಅಂದರೆ ಸುಮಾರು 1,333. ಠೇವಣಿ 333 ಕೋಟಿ ಹೆಚ್ಚಿತು, ಸಾಲವೂ 830ರಿಂದ 1,163ಕ್ಕೆ ಹೋಯಿತು. 10 ಕೋಟಿ ಬಿಡಿ ಹಣದ ಮೇಲೆ 333 ಕೋಟಿ ಸಾಲ. ಕಾಲೇಜಿನ ಪುಸ್ತಕ ಇಲ್ಲಿಗೆ ಪಾಠ ಮುಗಿಸುತ್ತದೆ. ನನಗೆ ಮುಖ್ಯ ಅನ್ನಿಸುವುದು ಇಲ್ಲಿಂದ ಮುಂದಿನದು.

ಮೊದಲು ನೋಟಿನ ವಿಷಯ. ಕೊಡಗಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಕಾಫಿ ಕುಯ್ಲು ಶುರುವಾದರೆ ಬೆಳೆಗಾರರು ವಾರದ ಕೂಲಿಗೆ ನೋಟು ತೆಗೆಯುತ್ತಾರೆ. ಶಾಖೆಗೆ ಆ ನೋಟು ಬರುವುದು ಕರೆನ್ಸಿ ಚೆಸ್ಟ್‌ನಿಂದ. ಚೆಸ್ಟ್‌ನಲ್ಲಿರುವ ನೋಟು ರಿಸರ್ವ್ ಬ್ಯಾಂಕಿನದು. ಅಲ್ಲಿಂದ ಬ್ಯಾಂಕು ನೋಟು ತೆಗೆದ ಕೂಡಲೇ ರಿಸರ್ವ್ ಬ್ಯಾಂಕಿನಲ್ಲಿರುವ ಅದರ ಖಾತೆಯಿಂದ ಅಷ್ಟು ಹಣ ಕಡಿತವಾಗುತ್ತದೆ. ಹೀಗೆ ಹೋದ ಮೀಸಲು ಇನ್ನೊಂದು ಬ್ಯಾಂಕಿನ ಖಾತೆಗೆ ಹೋಗುವುದಿಲ್ಲ. ಕೂಲಿಯವರ ಜೇಬಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಸ್ವಲ್ಪ ತಿರುಗಿ ಬರುತ್ತದೆ, ಸ್ವಲ್ಪ ನೋಟಾಗಿಯೇ ಸುತ್ತುತ್ತದೆ. ಪ್ರತಿ ಸಾಲದಲ್ಲೂ ಹತ್ತು ರೂಪಾಯಿಗೆ ಒಂದು ರೂಪಾಯಿ ಹೀಗೆ ನೋಟಾಗಿ ಹೊರಗೇ ಉಳಿದರೆ? 10 ಕೋಟಿ ಸಾಲದಿಂದ ಮುಂದಿನ ಬ್ಯಾಂಕಿಗೆ 9 ಬರುತ್ತದೆ, ಅದರಲ್ಲಿ 97% ಸಾಲವಾಗುತ್ತದೆ. ಹೀಗೇ ಕೂಡಿಸುತ್ತ ಹೋದರೆ ಒಟ್ಟು ಸಾಲ ಸುಮಾರು 79 ಕೋಟಿಗೆ ನಿಲ್ಲುತ್ತದೆ. 333 ಎಲ್ಲಿ, 79 ಎಲ್ಲಿ! ಹತ್ತಕ್ಕೆ ಒಂದು ರೂಪಾಯಿ ಸೋರಿದ್ದಕ್ಕೆ ಇಷ್ಟು ವ್ಯತ್ಯಾಸ.

ಎರಡನೆಯದು ಬಂಡವಾಳ. ಸಾಲ ಬೆಳೆದ ಹಾಗೆ ಸ್ವಂತ ಬಂಡವಾಳವೂ ಬೆಳೆಯಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಯಾವುದಕ್ಕೆ ಎಷ್ಟು ಮುಳುಗುವ ಅಪಾಯವಿದೆ ಅಂತ ನೋಡಿ ತೂಕ ಹಾಕಿದ ಆಸ್ತಿಗೆ ಕನಿಷ್ಠ 9% ಬಂಡವಾಳ ಬೇಕು. ಅದರ ಮೇಲೆ 2.5% ಕಾಪು ಬಂಡವಾಳ. ಒಟ್ಟು 11.5%. ಲೆಕ್ಕ ಸುಲಭವಾಗಲಿ ಅಂತ ಎಲ್ಲ ಸಾಲಕ್ಕೂ ಪೂರ್ತಿ ತೂಕ ಹಾಕೋಣ, ಸರ್ಕಾರಿ ಬಾಂಡಿಗೆ ಸೊನ್ನೆ. ನಮ್ಮ ಬ್ಯಾಂಕಿನಲ್ಲಿ 830ಕ್ಕೆ 110 ಇದೆ, ಅಂದರೆ 13% ದಾಟಿದೆ. ಸಾಲ 1,163 ಆದರೆ ಅದು 9.5%ಕ್ಕೂ ಸ್ವಲ್ಪ ಕೆಳಗೆ ಬರುತ್ತದೆ. 11.5% ಉಳಿಸಿಕೊಳ್ಳಬೇಕಾದರೆ ಸಾಲ ಹೆಚ್ಚೆಂದರೆ 956 ಕೋಟಿ. ಅಂದರೆ ಹೊಸ ಸಾಲ 126 ಕೋಟಿಗೆ ತಡೆ. ಸಿಆರ್‌ಆರ್ ಇನ್ನೂ ಜಾಗ ಕೊಡುತ್ತಿದ್ದರೂ ಬಂಡವಾಳ ಬಾಗಿಲು ಹಾಕುತ್ತದೆ. ಕಡಿಮೆ ಬಂಡವಾಳದ ಬ್ಯಾಂಕಿಗೆ ಸಿಆರ್‌ಆರ್ ಇಳಿಸಿದರೆ ಅದು ಸಾಲ ಕೊಡುವುದಕ್ಕಿಂತ ಬಾಂಡ್ ಕೊಳ್ಳುವುದೇ ಸಹಜ, ಯಾಕೆಂದರೆ ಬಾಂಡಿಗೆ ಅಪಾಯದ ತೂಕವಿಲ್ಲ.

ಎಸ್‌ಎಲ್‌ಆರ್ ಇಲ್ಲಿ ಅಡ್ಡ ಬರಲಿಲ್ಲ. 18% ಲೆಕ್ಕದಲ್ಲಿ 1,000 ಠೇವಣಿಗೆ 180 ಬೇಕು, ನಮ್ಮ ಹತ್ತಿರ ಬಾಂಡ್ ಮತ್ತು ನೋಟು ಸೇರಿ 240 ಇತ್ತು. ಈ ಹೆಚ್ಚುವರಿ ಇಲ್ಲದ ಬ್ಯಾಂಕಿಗೆ ಪ್ರತಿ ಹೊಸ ಠೇವಣಿಯ 18% ಕೂಡ ಬಾಂಡಿಗೆ ಹೋಗುತ್ತದೆ.

ಫಂಡ್ಸ್ ವಿಭಾಗದಲ್ಲಿ ಇದನ್ನು ದಿನವೂ ನೋಡುತ್ತಿದ್ದೆವು. 30 ಕೋಟಿ ಅಂದರೆ ಹದಿನೈದು ದಿನದ ಸರಾಸರಿ. ಯಾವುದೇ ದಿನ ಅದರ 90%, ಅಂದರೆ 27 ಕೋಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಕೊರತೆಯ ಮೊತ್ತಕ್ಕೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರಕ್ಕಿಂತ 3% ಹೆಚ್ಚಿನ ದಂಡ ಬಡ್ಡಿ. ಆದ್ದರಿಂದ ಸಂಜೆ ಹೊತ್ತಿಗೆ ದೊಡ್ಡ ಪಾವತಿಗಳೆಲ್ಲ ಹೋದ ಮೇಲೆ ಖಾತೆಯಲ್ಲಿ ಎಷ್ಟು ಉಳಿದಿದೆ ಅನ್ನುವುದೇ ನಮ್ಮ ಚಿಂತೆ. ಶಾಖೆಯವರು ಸಾಲ ಮಂಜೂರು ಮಾಡುವ ಮೊದಲು ನಮ್ಮನ್ನು ಕೇಳುತ್ತಿರಲಿಲ್ಲ. ಅವರು ಕೊಡುತ್ತಾರೆ, ಮೀಸಲನ್ನು ನಾವು ಹುಡುಕುತ್ತೇವೆ. ಸಿಆರ್‌ಆರ್ ಇಳಿದರೆ ಹುಡುಕುವ ಕೆಲಸ ಹಗುರವಾಗುತ್ತದೆ, ಅಗ್ಗವೂ ಆಗುತ್ತದೆ. ಠೇವಣಿಗೆ 6% ಬಡ್ಡಿ ಕೊಟ್ಟು ನೂರರಲ್ಲಿ 96 ಮಾತ್ರ ದುಡಿಸಿದರೆ ಹಣದ ವೆಚ್ಚ 6.25%. 97 ದುಡಿಸಿದರೆ ಸುಮಾರು 6.19%. ಈ ಸಣ್ಣ ಅಂತರವೇ ಸಾಲದ ಬಡ್ಡಿ ಇಳಿಸಲು ಬ್ಯಾಂಕಿಗೆ ಸಿಗುವ ಜಾಗ.

2025ರ ಇಳಿಕೆ ಒಂದೇ ಸಲ ಬರಲಿಲ್ಲ. ಸೆಪ್ಟೆಂಬರ್ 6, ಅಕ್ಟೋಬರ್ 4, ನವೆಂಬರ್ 1, ನವೆಂಬರ್ 29, ಹೀಗೆ ನಾಲ್ಕು ಕಂತು, ಪ್ರತಿ ಸಲ 0.25%. ನಮ್ಮ ಕಾಗದದ ಬ್ಯಾಂಕಿಗೆ ಪ್ರತಿ ಕಂತಿಗೆ 2.5 ಕೋಟಿ. ಕೊನೆಯ ಕಂತಿನ ಹೊತ್ತಿಗೆ ಇಲ್ಲಿ ಅರೇಬಿಕಾ ಕುಯ್ಲಿನ ಕಾಲ. ನೋಟಿನ ಬೇಡಿಕೆ ಏರುವ ಸಮಯಕ್ಕೆ ಸರಿಯಾಗಿ ಬ್ಯಾಂಕುಗಳ ಕೈಗೆ ಬಿಡಿ ಹಣ ಬಂತು.

ಹೀಗೆ ಬಿಟ್ಟ ಹಣ ಸಾಲವಾಯಿತೋ ಇಲ್ಲವೋ ತಿಳಿಯಲು ನಾನು ನೋಡುವುದು ಒಂದೇ ಜಾಗ. ರಿಸರ್ವ್ ಬ್ಯಾಂಕಿನಲ್ಲಿ ಎಸ್‌ಡಿಎಫ್ ಅನ್ನುವ ವ್ಯವಸ್ಥೆ ಇದೆ, 2022ರ ಏಪ್ರಿಲ್‌ನಲ್ಲಿ ಶುರುವಾದದ್ದು. ಹೆಚ್ಚಿನ ಹಣವನ್ನು ಬ್ಯಾಂಕುಗಳು ರಾತ್ರಿಗೆ ಅಲ್ಲಿ ಇಡಬಹುದು. ಬಡ್ಡಿ ರೆಪೊಗಿಂತ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕಿಂತ, ಕಾಲು ಪರ್ಸೆಂಟ್ ಕಡಿಮೆ. 2025ರ ಜೂನ್‌ನಲ್ಲಿ ರೆಪೊ 5.5%ಗೆ ಇಳಿದಾಗ ಇದು 5.25% ಆಯಿತು. ಇಟ್ಟ ಮೊತ್ತವನ್ನು ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ದಿನವೂ ಹಾಕುತ್ತದೆ. ಸಿಆರ್‌ಆರ್ ಇಳಿದ ಮೇಲೆ ಆ ಮೊತ್ತ ಏರಿ, ಅಲ್ಲೇ ವಾರಗಟ್ಟಲೆ ನಿಂತರೆ ಬಿಡಿ ಹಣಕ್ಕೆ ತಕ್ಕಷ್ಟು ಸಾಲ ಇನ್ನೂ ಬೆಳೆದಿಲ್ಲ ಅಂತ ಊಹಿಸುತ್ತೇನೆ. ಆಗ ಕೊರತೆ ಇರುವುದು ಮೀಸಲಿನಲ್ಲಿ ಅಲ್ಲ. ಒಂದೋ ಬಂಡವಾಳ ಸಾಲದು, ಇಲ್ಲವೇ ವಾಪಸು ಕಟ್ಟುವ ಭರವಸೆ ಮೂಡಿಸುವ ಅರ್ಜಿಗಳು ಸಾಲದು. ಪೊನ್ನಂಪೇಟೆಯವರಿಗೂ ಇದನ್ನೇ ಹೇಳಿ, ತೋಟದ ಹಳೆಯ ಸಾಲದ ಕಂತು ಮುಗಿಸಿ ಕಾಫಿ ಮತ್ತು ಮೆಣಸಿನ ಮಾರಾಟದ ಬಿಲ್ಲುಗಳನ್ನು ತರಲು ಹೇಳಿದೆ. ಅವರ ಸಾಲದ ಮಿತಿ ಏರಿಸಲು ನನಗೆ ಬೇಕಾಗಿದ್ದು ಆ ಬಿಲ್ಲುಗಳು.